ಪ್ರಯೋಗದ ಫಲಿತಾಂಶ ಓದಿ ಪ್ರಾಕ್ಕಲ್ಪನೆ ಬರೆಯುವುದು: ಒಂಬತ್ತನೇ ತರಗತಿಯ ಪ್ರಶ್ನೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಪುಟ್ಟ ಪ್ರಯೋಗವನ್ನೂ ಅದರ ಫಲಿತಾಂಶಗಳ ಕೋಷ್ಟಕವನ್ನೂ ಕೊಟ್ಟು, "ಇದರಿಂದ ಏನು ತಿಳಿಯುತ್ತದೆ, ಹೀಗೇಕೆ ಆಗಿರಬಹುದು" ಎಂದು ಕೇಳುವ ಪ್ರಶ್ನೆಗಳ ಬಗ್ಗೆ ವಿದ್ಯಾರ್ಥಿಗಳು, ಪೋಷಕರು ಮತ್ತು ಶಿಕ್ಷಕರು ಮತ್ತೆ ಮತ್ತೆ ಎತ್ತಿದ ಸಂದೇಹಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಹತ್ತು ಪ್ರಯೋಗಗಳನ್ನು ಮೇಲುಮೇಲೆ ನೋಡುವುದಕ್ಕಿಂತ ಒಂದನ್ನೇ ಬಿಡಿಸಿ ನೋಡುವುದು ಹೆಚ್ಚು ಉಪಯುಕ್ತ ಎನಿಸಿದ್ದರಿಂದ, ಉತ್ತರಗಳೆಲ್ಲವೂ ಕೆಳಗಿನ ಒಂದೇ ಪ್ರಯೋಗವನ್ನು ಹಿಡಿದು ಸಾಗುತ್ತವೆ. ಕೋಷ್ಟಕದ ಅಂಕಿಗಳು ಪ್ರಶ್ನೆಗೆಂದೇ ಹೊಂದಿಸಿದವು.

ಐದು ದೊಡ್ಡ ಪ್ರನಾಳಗಳಲ್ಲಿ ತಲಾ 20 ಮಿ.ಲೀ. ನೀರು, 1 ಗ್ರಾಂ ಸಕ್ಕರೆ ಮತ್ತು 1 ಗ್ರಾಂ ಒಣ ಯೀಸ್ಟ್ ಹಾಕಲಾಯಿತು. ದ್ರಾವಣದ ಮೇಲೆ ಪ್ರನಾಳದೊಳಗೆ ಸುಮಾರು 20 ಮಿ.ಲೀ. ಗಾಳಿಯಿತ್ತು. ಒಂದೊಂದು ಪ್ರನಾಳವನ್ನೂ ಬೇರೆ ಬೇರೆ ತಾಪಮಾನದ ನೀರಿನ ಪಾತ್ರೆಯಲ್ಲಿ 5 ನಿಮಿಷ ನಿಲ್ಲಿಸಿ, ಆಮೇಲೆ ಸಿರಿಂಜಿಗೆ ಜೋಡಿಸಿದ ನಳಿಕೆಯುಳ್ಳ ಬಿರಡೆಯನ್ನು ಬಿಗಿಯಾಗಿ ಹಾಕಲಾಯಿತು. ಬಿರಡೆ ಹಾಕಿದ ಮೇಲೆ 20 ನಿಮಿಷಗಳಲ್ಲಿ ಸಿರಿಂಜಿನಲ್ಲಿ ಸೇರಿದ ಅನಿಲದ ಅಳತೆ ಹೀಗಿತ್ತು:

| ತಾಪಮಾನ (°C) | ಸೇರಿದ ಅನಿಲ (ಮಿ.ಲೀ.) |
|---|---|
| 10 | 1 |
| 25 | 6 |
| 40 | 14 |
| 55 | 3 |
| 70 | 0 |

ಯೀಸ್ಟ್ ಹಾಕದೆ ಇದೇ ಕ್ರಮದಲ್ಲಿ ಇಟ್ಟ ಇನ್ನೈದು ಪ್ರನಾಳಗಳಲ್ಲಿ ಯಾವ ತಾಪಮಾನದಲ್ಲೂ ಅನಿಲ ಸೇರಲಿಲ್ಲ.

## ಆರಂಭದ ಪ್ರಶ್ನೆಗಳು

ಯೀಸ್ಟ್ ಬಗ್ಗೆ ಪಾಠದಲ್ಲಿ ಇರೋದನ್ನೆಲ್ಲ ಬರೆದಿದ್ದೆ, ಆದರೂ ಪೂರ್ತಿ ಅಂಕ ಬರಲಿಲ್ಲ. ಇನ್ನೇನು ಬರೆಯಬೇಕಿತ್ತು?

ಈ ಬಗೆಯ ಪ್ರಶ್ನೆ ಯೀಸ್ಟಿನ ಬಗ್ಗೆ ನಿಮಗೆ ಗೊತ್ತಿರುವುದನ್ನು ಕೇಳುವುದಿಲ್ಲ. ಕೊಟ್ಟಿರುವ ಐದು ಅಂಕಿಗಳು ಏನು ಹೇಳುತ್ತವೆ ಎಂದು ಕೇಳುತ್ತದೆ. "ಯೀಸ್ಟ್ ಒಂದು ಏಕಕೋಶ ಶಿಲೀಂಧ್ರ, ಅದು ಸಕ್ಕರೆಯನ್ನು ಹುದುಗಿಸಿ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡನ್ನು ಕೊಡುತ್ತದೆ" ಎಂಬ ವಾಕ್ಯ ಸರಿಯಾದದ್ದೇ. ಆದರೆ ಕೋಷ್ಟಕವನ್ನು ಮುಚ್ಚಿಟ್ಟರೂ ಅದನ್ನು ಬರೆಯಬಹುದು. ನಿಮ್ಮ ಉತ್ತರವನ್ನು ಪರೀಕ್ಷಿಸಿಕೊಳ್ಳಲು ಇದೇ ಒಳ್ಳೆಯ ಉಪಾಯ: ಕೋಷ್ಟಕದ ಅಂಕಿಗಳನ್ನು ತಲೆಕೆಳಗು ಮಾಡಿದ್ದರೂ ನಿಮ್ಮ ವಾಕ್ಯ ಹಾಗೆಯೇ ಉಳಿಯುತ್ತಿತ್ತೇ ಎಂದು ಕೇಳಿಕೊಳ್ಳಿ. ಉಳಿಯುವುದಾದರೆ ಆ ವಾಕ್ಯ ಫಲಿತಾಂಶವನ್ನು ಓದಿ ಬರೆದದ್ದಲ್ಲ. ಪಾಠದ ತಿಳಿವಳಿಕೆ ಬೇಕಾಗುವುದು ಆಮೇಲೆ, ಕಾರಣವನ್ನು ಸೂಚಿಸುವ ಹಂತದಲ್ಲಿ.

ಫಲಿತಾಂಶ ಹೇಳೋದು, ಅದರ ಅರ್ಥ ಹೇಳೋದು, ಪ್ರಾಕ್ಕಲ್ಪನೆ ಬರೆಯೋದು, ಮೂರೂ ಒಂದೇ ಅಲ್ವಾ?

ಮೂರೂ ಬೇರೆ ಬೇರೆ. ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಅಂಕ ಸೋರಿಹೋಗುವುದು ಇವನ್ನು ಕಲಸಿಬಿಡುವುದರಿಂದಲೇ. "40 ಡಿಗ್ರಿಯಲ್ಲಿ 14 ಮಿ.ಲೀ. ಅನಿಲ ಸೇರಿತು" ಎಂಬುದು ಫಲಿತಾಂಶ, ಅಲ್ಲಿ ನಿಮ್ಮದೇನೂ ಇಲ್ಲ. "10ರಿಂದ 40 ಡಿಗ್ರಿಯವರೆಗೆ ತಾಪಮಾನ ಏರಿದಂತೆ ಅನಿಲ ಹೆಚ್ಚುತ್ತದೆ, 40ರ ಆಚೆಗೆ ಅದು ಇಳಿಯುತ್ತಾ 70ರಲ್ಲಿ ಇಲ್ಲವಾಗುತ್ತದೆ, ಯೀಸ್ಟ್ ಇಲ್ಲದೆಡೆ ಅನಿಲವೇ ಇಲ್ಲದಿರುವುದರಿಂದ ಈ ಅನಿಲಕ್ಕೆ ಯೀಸ್ಟ್ ಬೇಕೇ ಬೇಕು" ಎಂಬುದು ಅರ್ಥವಿವರಣೆ. ಇಲ್ಲಿ ಐದು ಅಂಕಿಗಳು ಸೇರಿ ಒಂದು ವಿನ್ಯಾಸವಾಗಿವೆ, ಆದರೆ ಕೋಷ್ಟಕದಲ್ಲಿ ಇಲ್ಲದ ಯಾವುದೂ ಒಳಗೆ ನುಸುಳಿಲ್ಲ.

ಪ್ರಾಕ್ಕಲ್ಪನೆ ಕೋಷ್ಟಕದಿಂದ ಒಂದು ಹೆಜ್ಜೆ ಆಚೆಗೆ ಹೋಗುತ್ತದೆ. "40 ಡಿಗ್ರಿಯ ಆಚೆಗೆ ಬಿಸಿಯು ಯೀಸ್ಟ್ ಕೋಶಗಳನ್ನು ಕೊಲ್ಲುತ್ತಿರಬಹುದು, ಆದ್ದರಿಂದಲೇ ಅನಿಲ ಕಡಿಮೆಯಾಗಿದೆ" ಎಂದಾಗ ಕೋಶಗಳು ಸತ್ತದ್ದನ್ನು ಯಾರೂ ನೋಡಿಲ್ಲ. ನೋಡಿದ್ದು ಸಿರಿಂಜಿನ ಗೆರೆಯನ್ನು ಮಾತ್ರ. ಕಾಣದ ಕಾರಣವೊಂದನ್ನು ಮುಂದಿಟ್ಟು, ಕಂಡ ವಿನ್ಯಾಸ ಅದರಿಂದ ಬಂದಿರಬಹುದು ಎನ್ನುವುದೇ ಇಲ್ಲಿ ನಡೆಯುವ ಕೆಲಸ. "ಇರಬಹುದು" ಎಂಬ ಕ್ರಿಯಾರೂಪವನ್ನು ಬಿಡಬೇಡಿ ಎಂದು ವಿದ್ಯಾರ್ಥಿಗಳಿಗೆ ಒತ್ತಿ ಹೇಳುವುದು ಈ ಕಾರಣಕ್ಕೇ.

ಪ್ರಾಕ್ಕಲ್ಪನೆ ಅಂದರೆ ಊಹೆ ತಾನೇ? ಹಾಗಾದರೆ ಏನು ಬರೆದರೂ ಮಾರ್ಕ್ಸ್ ಕೊಡಬೇಕಲ್ಲ?

ಎರಡು ಕಟ್ಟುಗಳಿವೆ. ಮೊದಲನೆಯದು, ಊಹಿಸಿದ ಕಾರಣ ಕೋಷ್ಟಕದ ಎಲ್ಲ ಸಾಲುಗಳಿಗೂ ಹೊಂದಬೇಕು, ಇಲ್ಲವೇ ಯಾವ ಸಾಲುಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ತಾನೇ ಹೇಳಬೇಕು. "ಬಿಸಿ ಹೆಚ್ಚಾದಷ್ಟೂ ಯೀಸ್ಟ್ ಚುರುಕಾಗುತ್ತದೆ" ಎಂಬುದು ಮೊದಲ ಮೂರು ಸಾಲುಗಳಿಗೆ ಸೊಗಸಾಗಿ ಹೊಂದುತ್ತದೆ, ನಾಲ್ಕನೆಯದರಲ್ಲಿ ಬಿದ್ದುಹೋಗುತ್ತದೆ. ಎರಡನೆಯದು, ಆ ಊಹೆ ತಪ್ಪಾಗಿದ್ದರೆ ಅದನ್ನು ತೋರಿಸಿಕೊಡಬಲ್ಲ ಪ್ರಯೋಗವೊಂದು ಸಾಧ್ಯವಿರಬೇಕು. "ಯೀಸ್ಟಿಗೆ ಅಷ್ಟು ಬಿಸಿ ಇಷ್ಟವಾಗುವುದಿಲ್ಲ" ಎಂದು ಬರೆದವರಿಗೆ ಅಂಕ ಸಿಗದಿರುವುದು ಅದು ಬಾಲಿಶ ಎಂಬ ಕಾರಣಕ್ಕಲ್ಲ. ಇಷ್ಟವಾಗುತ್ತದೆಯೋ ಇಲ್ಲವೋ ಎಂಬುದನ್ನು ಅನಿಲದ ಅಳತೆಯಿಂದಲ್ಲದೆ ಬೇರೆ ಯಾವುದರಿಂದಲೂ ತಿಳಿಯಲಾಗದು. ಹಾಗಾಗಿ ಆ ವಾಕ್ಯ ಫಲಿತಾಂಶವನ್ನೇ ಬೇರೆ ಮಾತಿನಲ್ಲಿ ಹೇಳಿದಂತಾಯಿತು. ಈ ಎರಡು ಕಟ್ಟುಗಳೊಳಗೆ ನಿಂತ ಊಹೆ ಮುಂದೆ ತಪ್ಪೆಂದು ಸಾಬೀತಾದರೂ ಪೂರ್ಣ ಅಂಕಕ್ಕೆ ಅರ್ಹ.

"40 ಡಿಗ್ರಿಯೇ ಯೀಸ್ಟಿಗೆ ಅತ್ಯುತ್ತಮ ತಾಪಮಾನ" ಅಂತ ಬರೆದದ್ದಕ್ಕೆ ನನ್ನ ಮಗನಿಗೆ ಅರ್ಧ ಅಂಕ ಕಳೆದಿದ್ದಾರೆ. ಅತಿ ಹೆಚ್ಚು ಅನಿಲ ಬಂದದ್ದು ಅಲ್ಲೇ ಅಲ್ಲವೇ?

ಅಳೆದ ಐದು ತಾಪಮಾನಗಳಲ್ಲಿ ಅತಿ ಹೆಚ್ಚು ಬಂದದ್ದು ಅಲ್ಲಿ, ನಿಜ. ಆದರೆ 26ರಿಂದ 39ರವರೆಗೂ 41ರಿಂದ 54ರವರೆಗೂ ಯಾರೂ ಅಳೆದಿಲ್ಲ. 33ರಲ್ಲಿ 15 ಮಿ.ಲೀ. ಬಂದಿರಬಹುದು, 44ರಲ್ಲಿ 17 ಬಂದಿರಬಹುದು. ಈ ಕೋಷ್ಟಕ ಎರಡನ್ನೂ ತಡೆಯುವುದಿಲ್ಲ. ಅದು ಖಚಿತವಾಗಿ ಹೇಳಿಕೊಡುವುದು ಇಷ್ಟನ್ನೇ: ಏರಿಕೆ ಇಳಿಕೆಯಾಗಿ ತಿರುಗುವ ಜಾಗ 25 ಮತ್ತು 55ರ ನಡುವೆ ಎಲ್ಲೋ ಇದೆ. "ಅಳೆದ ತಾಪಮಾನಗಳ ಪೈಕಿ" ಎಂಬ ಮೂರು ಪದಗಳನ್ನು ಸೇರಿಸಿದ್ದರೆ ಆ ಅರ್ಧ ಅಂಕ ಉಳಿಯುತ್ತಿತ್ತು. ಶಿಕ್ಷಕರು ಜಿಪುಣತನ ತೋರಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ, ಆದರೆ ಕಾರಣವನ್ನು ಅಂಚಿನಲ್ಲಿ ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು.

## ಫಲಿತಾಂಶದೊಳಗೆ ಇಳಿಯುವ ಪ್ರಶ್ನೆಗಳು

ಯೀಸ್ಟ್ ಹಾಕದ ಪ್ರನಾಳಗಳಲ್ಲಿ ಏನೂ ಆಗಲ್ಲ ಅಂತ ಮೊದಲೇ ಗೊತ್ತಲ್ಲ, ಅವನ್ನು ಯಾಕೆ ಇಡಬೇಕು?

ಏನೂ ಆಗುವುದಿಲ್ಲ ಎಂಬುದು ಮೊದಲೇ ಗೊತ್ತಿರುವ ಸಂಗತಿಯೇನಲ್ಲ. 25 ಡಿಗ್ರಿಯ ಕೋಣೆಯಲ್ಲಿ ಬಿರಡೆ ಬಿಗಿದು, ಆಮೇಲೆ ಪ್ರನಾಳವನ್ನು 70 ಡಿಗ್ರಿಯ ನೀರಿಗೆ ಇಳಿಸಿ ನೋಡಿ. ಒಳಗಿರುವ 20 ಮಿ.ಲೀ. ಗಾಳಿ ಬಿಸಿಯಾಗಿ ಹಿಗ್ಗುವುದರಿಂದಲೇ ಸಿರಿಂಜಿನ ಕೊಂತ ಸುಮಾರು 3 ಮಿ.ಲೀ.ನಷ್ಟು ಹೊರಗೆ ಸರಿಯುತ್ತದೆ. ಜೊತೆಗೆ ನೀರಾವಿಯೂ ಸೇರಿಕೊಂಡರೆ ಇನ್ನಷ್ಟು. 55 ಡಿಗ್ರಿಯಲ್ಲಿ ಗಾಳಿಯ ಹಿಗ್ಗುವಿಕೆಯೊಂದೇ ಸುಮಾರು 2 ಮಿ.ಲೀ. ಆಗುತ್ತದೆ. ನಮ್ಮ ಕೋಷ್ಟಕದಲ್ಲಿ 55ರ ಎದುರು ಇರುವುದು ಬರೀ 3 ಮಿ.ಲೀ. ಎಂಬುದನ್ನು ನೆನಪಿಡಿ. ಮುನ್ನೆಚ್ಚರಿಕೆ ವಹಿಸದಿದ್ದರೆ ಅದರಲ್ಲಿ ಮೂರರಲ್ಲಿ ಎರಡು ಪಾಲು ಯೀಸ್ಟಿನದ್ದೇ ಆಗಿರುತ್ತಿರಲಿಲ್ಲ.

ಪ್ರಯೋಗದ ವಿವರಣೆಯಲ್ಲಿ "5 ನಿಮಿಷ ನಿಲ್ಲಿಸಿ, ಆಮೇಲೆ ಬಿರಡೆ" ಎಂಬ ಮಾತು ಬಂದಿರುವುದು ಇದಕ್ಕಾಗಿಯೇ: ಹಿಗ್ಗಬೇಕಾದ ಗಾಳಿ ಹಿಗ್ಗಿ ಹೊರಗೆ ಹೋಗಲಿ ಎಂದು. ಅದು ನಿಜಕ್ಕೂ ಹೊರಗೆ ಹೋಗಿದೆ ಎಂಬುದಕ್ಕೆ ಸಾಕ್ಷಿ ಯೀಸ್ಟ್ ಇಲ್ಲದ ಪ್ರನಾಳಗಳು. ಅಲ್ಲಿ 0 ಎಂದು ಬಂದಿರುವುದರಿಂದಲೇ 55ರ 3 ಮಿ.ಲೀ.ಯನ್ನು ನಾವು ಯೀಸ್ಟಿನ ಲೆಕ್ಕಕ್ಕೆ ಬರೆಯಬಹುದು. ಉತ್ತರದಲ್ಲಿ "ಇದು ನಿಯಂತ್ರಣ ವ್ಯವಸ್ಥೆ" ಎಂದಷ್ಟೇ ಬರೆದು ನಿಲ್ಲಿಸುವವರು ಹೆಚ್ಚು. ಯಾವ ಸಂಶಯವನ್ನು ಅದು ತಳ್ಳಿಹಾಕುತ್ತದೆ ಎಂದು ಬರೆದವರಿಗೆ ಮಾತ್ರ ಅಂಕ ಕೊಡುವುದು ನ್ಯಾಯ.

ತಣ್ಣಗಿದ್ದಾಗಲೂ ಅನಿಲ ಕಡಿಮೆ, ತುಂಬ ಬಿಸಿಯಾದಾಗಲೂ ಕಡಿಮೆ. ಎರಡಕ್ಕೂ "ಯೀಸ್ಟಿಗೆ ಹೊಂದದ ತಾಪಮಾನ" ಅಂತ ಒಂದೇ ಕಾರಣ ಕೊಡಬಹುದಾ?

ನಕ್ಷೆ ಬರೆದರೆ ಒಂದು ಗುಡ್ಡದ ಆಕಾರ ಬರುತ್ತದೆ. ಎರಡು ಇಳಿಜಾರುಗಳೂ ಒಂದೇ ತೆರನಾಗಿ ಕಾಣುವುದರಿಂದ ಕಾರಣವೂ ಒಂದೇ ಇರಬೇಕೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಈ ಪ್ರಯೋಗವನ್ನು ಪ್ರಶ್ನೆಗೆ ಆರಿಸಿಕೊಳ್ಳುವುದರ ದೊಡ್ಡ ಲಾಭ ಇರುವುದೇ ಇಲ್ಲಿ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

10 ಡಿಗ್ರಿಯ ಪ್ರನಾಳದ ಬಗ್ಗೆ ಎರಡು ಊಹೆಗಳು ಸಾಧ್ಯ. ಚಳಿಗೆ ಯೀಸ್ಟ್ ಕೋಶಗಳು ಸತ್ತಿರಬಹುದು. ಇಲ್ಲವೇ ಅವು ಬದುಕಿದ್ದು ಕೆಲಸ ಮಾತ್ರ ನಿಧಾನವಾಗಿರಬಹುದು. 70 ಡಿಗ್ರಿಯದಕ್ಕೂ ಅದೇ ಎರಡು: ಬಿಸಿಗೆ ಕೋಶಗಳು ಹಾಳಾಗಿರಬಹುದು, ಇಲ್ಲವೇ ಬಿಸಿ ಇರುವಷ್ಟು ಹೊತ್ತು ಕೆಲಸ ನಿಲ್ಲಿಸಿರಬಹುದು. ಕೊಟ್ಟಿರುವ ಕೋಷ್ಟಕ ಈ ನಾಲ್ಕರಲ್ಲಿ ಯಾವುದನ್ನೂ ತಳ್ಳಿಹಾಕುವುದಿಲ್ಲ, ಏಕೆಂದರೆ ಸತ್ತ ಯೀಸ್ಟ್ ಮತ್ತು ಸುಮ್ಮನಿರುವ ಯೀಸ್ಟ್ ಎರಡೂ ಸಿರಿಂಜಿನಲ್ಲಿ ಒಂದೇ ರೀತಿ ಕಾಣುತ್ತವೆ.

ಬೇರೆ ಮಾಡುವ ಪ್ರಯೋಗ ತೀರಾ ಸರಳ. 20 ನಿಮಿಷ ಮುಗಿದ ಮೇಲೆ 10 ಮತ್ತು 70 ಡಿಗ್ರಿಯ ಪ್ರನಾಳಗಳ ಬಿರಡೆ ತೆಗೆದು, ಎರಡನ್ನೂ 40 ಡಿಗ್ರಿಯ ನೀರಿಗೆ ಸಾಗಿಸಿ, ಅವು ಆ ತಾಪಮಾನಕ್ಕೆ ಬರುವವರೆಗೆ ಕಾದು ಮತ್ತೆ ಬಿರಡೆ ಹಾಕಿ, ಇನ್ನು 20 ನಿಮಿಷ ಅಳೆಯಬೇಕು. ಸತ್ತ ಯೀಸ್ಟ್ ಎದ್ದು ಬರುವುದಿಲ್ಲ; ನಿಧಾನವಾಗಿದ್ದ ಯೀಸ್ಟ್ ಚುರುಕಾಗುತ್ತದೆ. ಮಾಡಿ ನೋಡಿದವರಿಗೆ ಕಾಣುವುದು, ತಣ್ಣಗಿದ್ದ ಪ್ರನಾಳ ನೊರೆಯೆಬ್ಬಿಸಿ ಅನಿಲ ಬಿಡತೊಡಗುತ್ತದೆ, 70ರಿಂದ ಬಂದದ್ದು ತಳದಲ್ಲಿ ಬಿಳಿಚಿದ ಗಸಿಯಾಗಿ ಕುಳಿತೇ ಇರುತ್ತದೆ. ಚಳಿಯಲ್ಲಿ ಕೋಶದೊಳಗಿನ ಕಿಣ್ವಗಳ ಕೆಲಸ ನಿಧಾನವಾಗುತ್ತದೆ, ಅವುಗಳ ರಚನೆ ಕೆಡುವುದಿಲ್ಲ. 70 ಡಿಗ್ರಿಯಲ್ಲಿ ರಚನೆಯೇ ಕೆಟ್ಟು ಕೋಶ ಸಾಯುತ್ತದೆ. ಹೀಗಾಗಿ ಗುಡ್ಡದ ಎರಡು ಇಳಿಜಾರುಗಳಿಗೂ ಎರಡು ಬೇರೆ ಕಾರಣಗಳಿವೆ. "ಹೊಂದದ ತಾಪಮಾನ" ಎಂಬ ಒಂದೇ ಮಾತಿನಿಂದ ಎರಡನ್ನೂ ಮುಚ್ಚಿದವರಿಗೆ ಈ ವ್ಯತ್ಯಾಸವನ್ನು ಹುಡುಕುವ ಅವಕಾಶವೇ ತಪ್ಪಿಹೋಗುತ್ತದೆ.

"55 ಡಿಗ್ರಿಯಲ್ಲಿ ಸಕ್ಕರೆ ಬೇಗ ಮುಗಿದುಹೋಗಿರಬಹುದು" ಅಂತ ಒಬ್ಬ ವಿದ್ಯಾರ್ಥಿನಿ ಬರೆದಿದ್ದಾಳೆ. ಇದನ್ನು ಒಪ್ಪಬೇಕೇ?

ಊಹೆಯಾಗಿ ಇದು ಚುರುಕಾದದ್ದು, ಪರೀಕ್ಷೆಗೂ ಒಳಪಡಿಸಬಹುದಾದದ್ದು. ಆದರೆ ಅವಳ ಮುಂದಿರುವ ಕೋಷ್ಟಕವೇ ಅದಕ್ಕೆ ಎದುರು ನಿಲ್ಲುತ್ತದೆ. ಸಕ್ಕರೆ ಮುಗಿಯುವುದೆಂದರೆ ಅದು ಅನಿಲವಾಗಿ ಹೊರಬಂದಿರಬೇಕು. ಹಾಗಾಗಿದ್ದರೆ 55ರ ಸಿರಿಂಜಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅನಿಲ ಇರಬೇಕಿತ್ತು, ಇರುವುದು 3 ಮಿ.ಲೀ. ಮಾತ್ರ. ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1 ಗ್ರಾಂ ಸಕ್ಕರೆ ಪೂರ್ತಿಯಾಗಿ ಹುದುಗಿದರೆ ಕೋಣೆಯ ತಾಪಮಾನದಲ್ಲಿ 250 ಮಿ.ಲೀ.ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರಬೇಕು. 40 ಡಿಗ್ರಿಯ ಪ್ರನಾಳದಲ್ಲಿ ಬಂದ 14 ಮಿ.ಲೀ. ಅದರ ಹದಿನೈದನೇ ಒಂದು ಪಾಲೂ ಅಲ್ಲ. ಯಾವ ಪ್ರನಾಳದಲ್ಲೂ ಸಕ್ಕರೆ ಮುಗಿಯುವ ಹತ್ತಿರಕ್ಕೂ ಬಂದಿಲ್ಲ.

ಒಂಬತ್ತನೇ ತರಗತಿಯವರಿಂದ ಈ ಲೆಕ್ಕವನ್ನು ನಿರೀಕ್ಷಿಸಬೇಕಾಗಿಲ್ಲ. "ಮುಗಿದಿದ್ದರೆ ಅನಿಲ ಹೆಚ್ಚಿರಬೇಕಿತ್ತು" ಎಂಬ ತರ್ಕ ಮಾತ್ರ ಅವರ ಕೈಗೆಟುಕುವಂಥದ್ದೇ. ನಾನಾಗಿದ್ದರೆ ಪ್ರಾಕ್ಕಲ್ಪನೆಯ 2 ಅಂಕಗಳಲ್ಲಿ 1 ಕೊಟ್ಟು, "ಹಾಗಾದರೆ 55ರ ಸಿರಿಂಜಿನಲ್ಲಿ ಎಷ್ಟಿರಬೇಕಿತ್ತು?" ಎಂದು ಬರೆದು ಕಾಗದವನ್ನು ಹಿಂದಿರುಗಿಸುತ್ತೇನೆ.

ತಣ್ಣೀರಿನಲ್ಲಿ ಅನಿಲ ಹೆಚ್ಚು ಕರಗುತ್ತದಲ್ಲ, 10 ಡಿಗ್ರಿಯಲ್ಲಿ ಅನಿಲ ಹುಟ್ಟಿ ನೀರಿನಲ್ಲೇ ಉಳಿದಿರಬಹುದಲ್ಲವೇ?

ಇದನ್ನು ಕೇಳುವವರು ಅಪರೂಪ, ಕೇಳಿದವರು ನಿಜವಾಗಿಯೂ ಯೋಚಿಸಿರುತ್ತಾರೆ. ಇಂಗಾಲದ ಡೈಆಕ್ಸೈಡ್ 40 ಡಿಗ್ರಿಯ ನೀರಿಗಿಂತ 10 ಡಿಗ್ರಿಯ ನೀರಿನಲ್ಲಿ ಎರಡು ಪಟ್ಟಿಗೂ ಹೆಚ್ಚು ಕರಗುತ್ತದೆ, ಮತ್ತು 10 ಡಿಗ್ರಿಯ ನೀರು ಸಾಮಾನ್ಯ ಒತ್ತಡದಲ್ಲಿ ತನ್ನ ಗಾತ್ರಕ್ಕಿಂತ ತುಸು ಹೆಚ್ಚೇ ಆ ಅನಿಲವನ್ನು ಹಿಡಿದಿಟ್ಟುಕೊಳ್ಳಬಲ್ಲದು. ನಮ್ಮ ಪ್ರನಾಳದಲ್ಲಿ 20 ಮಿ.ಲೀ. ನೀರಿದೆ. ಮೇಲೆ ಗಾಳಿಯೂ ಬೆರೆತಿರುವುದರಿಂದ ಅಷ್ಟೂ ಪ್ರಮಾಣ ಕರಗುವುದಿಲ್ಲವಾದರೂ, ಕೆಲವು ಮಿ.ಲೀ. ಅನಿಲ ನೀರಿನಲ್ಲೇ ಅಡಗಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ 10ರ ಎದುರಿನ 1 ಮಿ.ಲೀ. ಯೀಸ್ಟ್ ಮಾಡಿದ ಕೆಲಸವನ್ನು ಕಡಿಮೆ ಮಾಡಿ ತೋರಿಸುತ್ತಿರಬಹುದು.

ಪರೀಕ್ಷಿಸುವುದು ಹೀಗೆ: ಸಕ್ಕರೆ ದ್ರಾವಣವನ್ನು 10 ಡಿಗ್ರಿಯಲ್ಲಿಟ್ಟು, ಅಡುಗೆ ಸೋಡಾ ಮತ್ತು ದುರ್ಬಲ ಆಮ್ಲದಿಂದ ತಯಾರಿಸಿದ ಇಂಗಾಲದ ಡೈಆಕ್ಸೈಡನ್ನು ಅದರೊಳಗೆ ಚೆನ್ನಾಗಿ ಹಾಯಿಸಿ, ಆಮೇಲೆ ಯೀಸ್ಟ್ ಸೇರಿಸಿ ಅಳೆಯಬೇಕು. ನೀರು ಮೊದಲೇ ಅನಿಲದಿಂದ ತುಂಬಿರುವುದರಿಂದ ಹೊಸದಾಗಿ ಹುಟ್ಟಿದ್ದು ಸಿರಿಂಜಿಗೆ ಬರಲೇಬೇಕು. ಹೀಗೆ ಮಾಡುವಾಗ ಯೀಸ್ಟ್ ಹಾಕದ ಜೋಡಿ ಪ್ರನಾಳ ಮರೆಯಬಾರದು, ಏಕೆಂದರೆ ತುಂಬಿದ ನೀರು ತಾನಾಗಿಯೇ ಒಂದಿಷ್ಟು ಅನಿಲವನ್ನು ಬಿಡುತ್ತಿರುತ್ತದೆ. ಇದೇ ಊಹೆಯನ್ನು 55 ಮತ್ತು 70ಕ್ಕೆ ಎಳೆಯಲಾಗದು: ಬಿಸಿನೀರಿನಲ್ಲಿ ಕಡಿಮೆ ಕರಗುವುದೆಂದರೆ ಸಿರಿಂಜಿಗೆ ಹೆಚ್ಚು ಬರಬೇಕು, ಬಂದಿರುವುದು ಅದರ ವಿರುದ್ಧ.

ಒಂದು ಅಳತೆ ಉಳಿದವುಗಳ ಜೊತೆ ಹೊಂದದಿದ್ದರೆ ಅದನ್ನು ಬಿಟ್ಟು ಬರೆಯಬಹುದೇ?

ಕಾರಣವಿಲ್ಲದೆ ಬಿಡಬಾರದು. ಉದಾಹರಣೆಗೆ 25ರ ಎದುರು 6ರ ಬದಲು 0 ಎಂದಿದ್ದರೆ, ಬಿರಡೆಯ ಪಕ್ಕದಲ್ಲಿ ಅನಿಲ ಸೋರಿರಬಹುದು ಎಂಬುದೂ ಒಂದು ಪ್ರಾಕ್ಕಲ್ಪನೆಯೇ, ಮತ್ತು ಬಿರಡೆಯ ಸುತ್ತ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರೆ ಅದು ಪರೀಕ್ಷೆಗೂ ಒಳಪಡುತ್ತದೆ. ಅಳತೆಯನ್ನು ಉಳಿಸಿಕೊಂಡು, ಅದು ಏಕೆ ಸಂಶಯಾಸ್ಪದ ಎಂದು ಹೇಳಿ, ಮತ್ತೊಮ್ಮೆ ಅಳೆಯಲು ಸೂಚಿಸಿದರೆ ಸಾಕು.

## ಪ್ರಶ್ನೆ ರಚಿಸುವ ಮತ್ತು ಅಂಕ ಕೊಡುವ ಶಿಕ್ಷಕರಿಗೆ

ಕೋಷ್ಟಕದ ಅಂಕಿಗಳು ನಿಜವಾದ ಪ್ರಯೋಗದಿಂದಲೇ ಬರಬೇಕೇ, ಅಥವಾ ನಾವೇ ಬರೆದುಕೊಳ್ಳಬಹುದೇ?

ಬರೆದುಕೊಳ್ಳಬಹುದು, ಆದರೆ ಬರೆದುಕೊಂಡ ಅಂಕಿಗಳು ಪ್ರಯೋಗದ ವಿವರಣೆಗೆ ವಿರುದ್ಧವಾಗಿರಬಾರದು. ಹೆಚ್ಚಾಗಿ ಆಗುವ ಎಡವಟ್ಟು ಇದು: ವಿವರಣೆಯಲ್ಲಿ "ಬಿರಡೆ ಹಾಕಿ ಬಿಸಿನೀರಿನಲ್ಲಿ ಇಡಲಾಯಿತು" ಎಂದು ಬರೆದು ಕೋಷ್ಟಕದಲ್ಲಿ 70ರ ಎದುರು 0 ಎಂದು ಹಾಕುವುದು. ಮೇಲೆ ನೋಡಿದಂತೆ, ಆ ಕ್ರಮದಲ್ಲಿ ಮಾಡಿದರೆ 0 ಬರಲು ಸಾಧ್ಯವೇ ಇಲ್ಲ; ಯೀಸ್ಟ್ ಸತ್ತರೂ ಗಾಳಿ ಹಿಗ್ಗುತ್ತದೆ. ಜಾಣ ವಿದ್ಯಾರ್ಥಿ ಇದನ್ನು ಗಮನಿಸಿ "ಬಿರಡೆ ಸೋರುತ್ತಿದೆ" ಎಂದು ಬರೆದರೆ, ಉತ್ತರ ಸೂಚಿಯಲ್ಲಿ ಇಲ್ಲ ಎಂಬ ಕಾರಣಕ್ಕೆ ಅವನಿಗೆ ಸೊನ್ನೆ ಬೀಳುತ್ತದೆ, ಸರಿ ಇದ್ದದ್ದು ಮಾತ್ರ ಅವನೇ. ಬಲೂನು ಬಳಸುವ ಪ್ರಶ್ನೆಗಳಿಗೆ ಇನ್ನೊಂದು ತೊಂದರೆಯಿದೆ: ರಬ್ಬರನ್ನು ಹಿಗ್ಗಿಸಲು ಒತ್ತಡ ಬೇಕಾಗುವುದರಿಂದ ಮೊದಲ ಕೆಲವು ಮಿ.ಲೀ. ಅನಿಲ ಬಲೂನಿನಲ್ಲಿ ಕಾಣಿಸುವುದೇ ಇಲ್ಲ. ತರಗತಿಯಲ್ಲಿ ತೋರಿಸಲು ಬಲೂನು ಚಂದ, ಅಂಕಿ ಕೊಡಲು ಸಿರಿಂಜ್ ಮೇಲು.

ಸಾಧ್ಯವಿದ್ದರೆ ಒಮ್ಮೆ ಮಾಡಿ ನೋಡಿ. ಯೀಸ್ಟ್ ಹಳೆಯದಾಗಿದ್ದರೆ 40 ಡಿಗ್ರಿಯಲ್ಲೂ ಬೆರಳೆಣಿಕೆಯ ಮಿ.ಲೀ. ಮಾತ್ರ ಬರಬಹುದು, ಆಗ ಕೋಷ್ಟಕದ ಅಂಕಿಗಳನ್ನು ತಗ್ಗಿಸಬೇಕಾಗುತ್ತದೆ; ವಿನ್ಯಾಸ ಉಳಿದರೆ ಸಾಕು.

5 ಅಂಕದ ಪ್ರಶ್ನೆಯಾದರೆ ಅಂಕಗಳನ್ನು ಹೇಗೆ ಹಂಚುವುದು?

ನಾನು ಅನುಸರಿಸುವ ಕ್ರಮದಲ್ಲಿ ವಿನ್ಯಾಸವನ್ನು ಅಂಕಿಗಳ ಆಧಾರದಿಂದ ಹೇಳಿದ್ದಕ್ಕೆ 1, ಯೀಸ್ಟ್ ಇಲ್ಲದ ಪ್ರನಾಳಗಳಿಂದ ಏನು ತಿಳಿಯಿತು ಎಂಬುದಕ್ಕೆ 1, ಪ್ರಾಕ್ಕಲ್ಪನೆಗೆ 2, ಅದನ್ನು ಪರೀಕ್ಷಿಸುವ ಪ್ರಯೋಗವೊಂದನ್ನು ಸೂಚಿಸಿದ್ದಕ್ಕೆ 1. ಪ್ರಾಕ್ಕಲ್ಪನೆಯ ಎರಡರಲ್ಲಿ ಒಂದು ಕಾರಣವನ್ನು ಹೆಸರಿಸಿದ್ದಕ್ಕೆ, ಇನ್ನೊಂದು ಆ ಕಾರಣ ಕೋಷ್ಟಕದ ಸಾಲುಗಳಿಗೆ ಹೊಂದಿದ್ದಕ್ಕೆ. ಕೊನೆಯ 1 ಅಂಕದ ವಿಷಯದಲ್ಲಿ ಬಿಗಿಯಾಗಿರುವುದು ಒಳಿತು: "ಪ್ರಯೋಗವನ್ನು ಮತ್ತೆ ಮಾಡಬೇಕು" ಎಂಬುದಕ್ಕೆ ಅಂಕವಿಲ್ಲ. ಏನನ್ನು ಬದಲಿಸುತ್ತೀರಿ, ನಿಮ್ಮ ಊಹೆ ಸರಿಯಾದರೆ ಏನು ಕಾಣಬೇಕು, ತಪ್ಪಾದರೆ ಏನು ಕಾಣಬೇಕು ಎಂಬ ಮೂರೂ ಇದ್ದರೆ ಮಾತ್ರ.

ಉಪಪ್ರಶ್ನೆಗಳಾಗಿ ಒಡೆದು ಕೇಳಿದರೆ ಮೌಲ್ಯಮಾಪನ ಸುಲಭವಾಗುತ್ತದೆ. "ಫಲಿತಾಂಶವನ್ನು ವಿಶ್ಲೇಷಿಸಿ" ಎಂಬ ಒಂದೇ ಸಾಲಿನ ಪ್ರಶ್ನೆಗೆ ಮೂರು ಪುಟ ಬರೆದು ಪ್ರಾಕ್ಕಲ್ಪನೆಯನ್ನೇ ಮರೆತವರು ಬಹಳ.

ಉತ್ತರದಲ್ಲಿ "ಕಿಣ್ವ" ಅನ್ನೋ ಪದವೇ ಬಂದಿಲ್ಲ. ಅಂಕ ಕಳೆಯಬೇಕೇ?

ಕಳೆಯಬಾರದು. "ಹೆಚ್ಚು ಬಿಸಿಗೆ ಯೀಸ್ಟ್ ಸತ್ತಿರಬಹುದು; 70ರ ಪ್ರನಾಳವನ್ನು 40ಕ್ಕೆ ತಂದರೂ ಅನಿಲ ಬರದಿದ್ದರೆ ನನ್ನ ಊಹೆ ನಿಲ್ಲುತ್ತದೆ, ಬಂದರೆ ಬೀಳುತ್ತದೆ" ಎಂದು ಬರೆದವನು, "ಕಿಣ್ವಗಳ ಸ್ವಭಾವ ಬದಲಾಗುತ್ತದೆ" ಎಂದಷ್ಟೇ ಬರೆದವನಿಗಿಂತ ಮುಂದಿದ್ದಾನೆ. ಎರಡನೆಯವನ ವಾಕ್ಯ ಪುಸ್ತಕದಿಂದ ಬಂದಿರಬಹುದು. ಮೊದಲನೆಯದು ಕೋಷ್ಟಕದಿಂದಲೇ ಬಂದಿದೆ.

ಚೆನ್ನಾಗಿ ಬರೆಯುವ ಮಕ್ಕಳಿಗೆ ಇದೇ ಪ್ರಯೋಗವನ್ನು ಸ್ವಲ್ಪ ಕಷ್ಟ ಮಾಡುವುದು ಹೇಗೆ?

ಹೊಸ ಪ್ರಯೋಗ ಬೇಕಾಗಿಲ್ಲ, ಎರಡನೇ ಕೋಷ್ಟಕವೊಂದು ಸಾಕು. ವಿದ್ಯಾರ್ಥಿಗಳು ಮೊದಲ ಭಾಗಕ್ಕೆ ಪ್ರಾಕ್ಕಲ್ಪನೆ ಬರೆದ ಮೇಲೆ, ಪ್ರನಾಳಗಳನ್ನು 40 ಡಿಗ್ರಿಗೆ ಸಾಗಿಸಿ, ಬಿರಡೆ ತೆಗೆದು ಕಾದು, ಮತ್ತೆ 20 ನಿಮಿಷ ಅಳೆದಾಗ ಬಂದದ್ದು ಎಂದು ಹೇಳಿ ಇದನ್ನು ಕೊಡಿ:

| ಮೊದಲಿದ್ದ ತಾಪಮಾನ (°C) | 40 °Cಗೆ ತಂದ ಮೇಲೆ ಸೇರಿದ ಅನಿಲ (ಮಿ.ಲೀ.) |
|---|---|
| 10 | 13 |
| 55 | 2 |
| 70 | 0 |

10 ಮತ್ತು 70ರ ಸಾಲುಗಳು ನಿರೀಕ್ಷಿಸಿದ ಹಾಗೆಯೇ ಇವೆ. ತೊಡಕು ಇರುವುದು ನಡುವಿನ ಸಾಲಿನಲ್ಲಿ. "ಬಿಸಿಗೆ ಯೀಸ್ಟ್ ಸತ್ತಿದೆ" ಎಂದವರಿಗೆ ಅಲ್ಲಿ 0 ಬರಬೇಕಿತ್ತು. "ಬಿಸಿಗೆ ಸುಮ್ಮನಿತ್ತು" ಎಂದವರಿಗೆ 14ರ ಆಸುಪಾಸಿನಲ್ಲಿ ಬರಬೇಕಿತ್ತು. ಬಂದದ್ದು 2. ಎರಡೂ ಗುಂಪಿನವರು ತಮ್ಮ ಪ್ರಾಕ್ಕಲ್ಪನೆಯನ್ನು ತಿದ್ದಲೇಬೇಕಾಗುತ್ತದೆ.

ತಿದ್ದುವ ದಾರಿಗಳು ಒಂದಕ್ಕಿಂತ ಹೆಚ್ಚಿವೆ. 55 ಡಿಗ್ರಿಯಲ್ಲಿ ಬಹುಪಾಲು ಕೋಶಗಳು ಸತ್ತು ಕೆಲವು ಉಳಿದಿರಬಹುದು. ಅಥವಾ ಎಲ್ಲ ಕೋಶಗಳೂ ಬದುಕಿದ್ದು ಒಂದೊಂದೂ ಅರೆಬರೆ ಹಾಳಾಗಿರಬಹುದು. ಎರಡರಲ್ಲೂ ಅನಿಲ ಒಂದೇ ಅಳತೆಗೆ ಬರಬಹುದಾದ್ದರಿಂದ ಇಲ್ಲಿ ಸಿರಿಂಜ್ ಸಹಾಯಕ್ಕೆ ಬರುವುದಿಲ್ಲ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ಮತ್ತು ಮೆಥಿಲೀನ್ ಬ್ಲೂ ಇದ್ದರೆ ಒಂದು ಹನಿಯನ್ನು ಬಣ್ಣದೊಂದಿಗೆ ಬೆರೆಸಿ ನೋಡಬಹುದು: ಬದುಕಿರುವ ಯೀಸ್ಟ್ ಕೋಶಗಳು ಬಣ್ಣವಿಲ್ಲದೆ ಉಳಿಯುತ್ತವೆ, ಸತ್ತವು ನೀಲಿಯಾಗುತ್ತವೆ. ಹೆಚ್ಚಿನವು ನೀಲಿಯಾಗಿದ್ದು ಅಲ್ಲೊಂದು ಇಲ್ಲೊಂದು ಬಿಳಿಯ ಕೋಶ ಕಂಡರೆ ಮೊದಲ ಊಹೆಗೆ ಬಲ. ಬಹುತೇಕ ಎಲ್ಲವೂ ಬಣ್ಣವಿಲ್ಲದೆ ಕಂಡರೆ ಎರಡನೆಯದಕ್ಕೆ. ಈ ಬಣ್ಣದ ಸಂಗತಿಯನ್ನು ಪ್ರಶ್ನೆಯಲ್ಲೇ ಒಂದು ವಾಕ್ಯವಾಗಿ ಕೊಟ್ಟುಬಿಡಿ. ಅದನ್ನು ನೆನಪಿಟ್ಟಿದ್ದಾರೆಯೇ ಎಂದು ಅಳೆಯುವುದು ಈ ಪ್ರಶ್ನೆಯ ಉದ್ದೇಶವಲ್ಲ. ಎರಡು ಊಹೆಗಳನ್ನು ಬೇರ್ಪಡಿಸಲು ಅದನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಮಾತ್ರ ಅಳೆಯಬೇಕು.